ಅಳಿಸಿದ ಮೇಲೂ ಮರಳಿ ಬರುವ ಹಳೆಯ ಬೆಲೆ

ಆನ್‌ಲೈನ್ ಮಳಿಗೆಯೊಂದರಲ್ಲಿ ಇಳಕಲ್ ಸೀರೆಯ ಪುಟವನ್ನು ದಿನವಿಡೀ ಸಾವಿರಾರು ಜನ ತೆರೆಯುತ್ತಾರೆ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಡೇಟಾಬೇಸ್ ಹುಡುಕಿ ಬೆಲೆ ತಂದುಕೊಡುವುದು ದಂಡದ ಕೆಲಸ. ಮೊದಲ ಸಲ ಸಿಕ್ಕ ಉತ್ತರವನ್ನು ಸರ್ವರ್‌ನ ಮೆಮೊರಿಯಲ್ಲಿ ಇಟ್ಟುಕೊಂಡು, ಮುಂದೆ ಕೇಳಿದವರಿಗೆ ಅದನ್ನೇ ಕೊಟ್ಟರಾಯಿತು. ಹೀಗೆ ತೆಗೆದಿಟ್ಟ ಜಾಗವೇ ಕ್ಯಾಶ್.

ಸೀರೆಯ ಬೆಲೆ 1,200 ರೂಪಾಯಿಯಿಂದ 950ಕ್ಕೆ ಇಳಿದರೆ? ಡೇಟಾಬೇಸ್ ತಿದ್ದಿ, ಕ್ಯಾಶ್‌ನಲ್ಲಿರುವ ಹಳೆಯ ಬೆಲೆ ಅಳಿಸಿದರೆ ಸಾಕು ಅನ್ನಿಸುತ್ತದೆ. ಅಷ್ಟು ಸಾಲದು.

ಬೆಲೆ ಕ್ಯಾಶ್‌ನಲ್ಲಿ ಇಲ್ಲದ ಹೊತ್ತಿನಲ್ಲಿ ಗ್ರಾಹಕರೊಬ್ಬರು ಪುಟ ತೆರೆಯುತ್ತಾರೆ. ಅವರ ಪರವಾಗಿ ಓಡುವ ಪ್ರೋಗ್ರಾಂ ಡೇಟಾಬೇಸ್‌ನಿಂದ 1,200 ಎಂದು ಓದಿಕೊಳ್ಳುತ್ತದೆ. ಅದನ್ನು ಕ್ಯಾಶ್‌ಗೆ ಬರೆಯುವ ಮೊದಲೇ, ಸರ್ವರ್ ಮೇಲಿನ ಒತ್ತಡಕ್ಕೆ ಕ್ಷಣಕಾಲ ತಡೆದು ನಿಲ್ಲುತ್ತದೆ. ಅಷ್ಟರಲ್ಲಿ ಮಳಿಗೆಯವರು ಬೆಲೆಯನ್ನು 950 ಮಾಡುತ್ತಾರೆ. ಕ್ಯಾಶ್‌ಗೆ ಅಳಿಸುವ ಆದೇಶವೂ ಹೋಗುತ್ತದೆ, ಆದರೆ ಅಳಿಸಲು ಅಲ್ಲಿ ಏನೂ ಇಲ್ಲ. ಆಮೇಲೆ ನಿಂತಿದ್ದ ಪ್ರೋಗ್ರಾಂ ಮುಂದುವರಿದು, ತನ್ನ ಕೈಯಲ್ಲಿದ್ದ 1,200ನ್ನು ಕ್ಯಾಶ್‌ಗೆ ಬರೆದುಬಿಡುತ್ತದೆ. ಪ್ರತಿ ಹೆಜ್ಜೆಯೂ ಸರಿಯಾಗಿಯೇ ನಡೆದಿದೆ. ಆದರೂ ಇಲ್ಲಿಂದಾಚೆಗೆ ಬಂದವರಿಗೆಲ್ಲ ತಪ್ಪು ಬೆಲೆ.

ಡೇಟಾಬೇಸ್ ತೆಗೆದು ನೋಡಿದರೆ 950 ಇದೆ, ಪುಟದಲ್ಲಿ 1,200. ಹಣ ಕಟ್ಟುವ ಪುಟ ನೇರವಾಗಿ ಡೇಟಾಬೇಸ್ ಓದುವುದಾದರೆ ಅಲ್ಲಿ ಮತ್ತೆ 950. ಇಂಥ ವ್ಯತ್ಯಾಸ ಕಂಡಾಗ ಮೊದಲು ಕ್ಯಾಶನ್ನೇ ಪರೀಕ್ಷಿಸಬೇಕು. ಈ ತಪ್ಪು ಬೇಕೆಂದಾಗ ಮರುಕಳಿಸುವುದಿಲ್ಲ, ಅದೇ ದೊಡ್ಡ ತಲೆನೋವು.

ಪ್ರತಿ ನಮೂದಿಗೂ ಆಯುಸ್ಸು ಕಟ್ಟುವುದು ಹಳೆಯ ಉಪಾಯ. ಹತ್ತು ನಿಮಿಷ ಎಂದಿಟ್ಟರೆ, ತಪ್ಪು ಬೆಲೆಯೂ ಹೆಚ್ಚೆಂದರೆ ಹತ್ತು ನಿಮಿಷ ಉಳಿದೀತು. ಆಯುಸ್ಸು ತಗ್ಗಿಸಿದಷ್ಟೂ ಡೇಟಾಬೇಸ್ ಮೇಲೆ ಹೊರೆ ಏರುತ್ತದೆ. ಫೇಸ್‌ಬುಕ್ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇನ್ನೊಂದು ದಾರಿ ಇದೆ, ನನಗೆ ತುಂಬ ಮೆಚ್ಚುಗೆಯಾದದ್ದು. ಕೇಳಿದ ವಸ್ತು ಇಲ್ಲದಾಗ ಕ್ಯಾಶ್ ಒಂದು ಟೋಕನ್ ಸಂಖ್ಯೆ ಕೊಟ್ಟು ಕಳಿಸುತ್ತದೆ. ಉತ್ತರ ತಂದು ಬರೆಯುವಾಗ ಅದನ್ನು ತೋರಿಸಬೇಕು. ನಡುವೆ ಅಳಿಸುವ ಆದೇಶ ಬಂದಿದ್ದರೆ ಟೋಕನ್ ರದ್ದಾಗಿರುತ್ತದೆ. ನಮ್ಮ ಪ್ರೋಗ್ರಾಂ ತಂದ 1,200ನ್ನು ಕ್ಯಾಶ್ ಒಪ್ಪುವುದೇ ಇಲ್ಲ.

ಆದರೆ ಈ ರಕ್ಷಣೆ ಮಳಿಗೆಯವರ ಸ್ವಂತ ಕ್ಯಾಶ್‌ಗಷ್ಟೇ. ನಿಮ್ಮ ಫೋನಿನ ಬ್ರೌಸರ್ ಪುಟದ ಚಿತ್ರ, ವಿನ್ಯಾಸದ ಕಡತಗಳ ಪ್ರತಿಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಆಯುಸ್ಸು ಮುಗಿಯುವವರೆಗೆ ಅದು ಸರ್ವರ್ ಅನ್ನು ಕೇಳುವುದೇ ಇಲ್ಲ, ಹಾಗಾಗಿ ಅಳಿಸು ಎಂದು ಹೇಳಲು ದಾರಿಯಿಲ್ಲ. ಅದಕ್ಕೇ ಚಿತ್ರ ಬದಲಾದಾಗ ಅದರ ಹೆಸರನ್ನೂ `saree-1.jpg` ಇದ್ದದ್ದು `saree-2.jpg` ಎಂದು ಬದಲಿಸುತ್ತಾರೆ. ಹೊಸ ಹೆಸರಿನ ಕಡತ ಬ್ರೌಸರ್ ಬಳಿ ಇರುವುದಿಲ್ಲವಾದ್ದರಿಂದ ಅದು ಸರ್ವರ್‌ನಿಂದಲೇ ತರಿಸಿಕೊಳ್ಳುತ್ತದೆ.