ಥಂಬ್‌ನೇಲ್‌ನಲ್ಲಿ ಅಜ್ಜಿ ಮಾಯ, ಕ್ಯಾಲೆಂಡರ್ ಹೀರೋ ಹಾಜರ್: ಫೋಟೊ ಕತ್ತರಿಸೋ ಲೆಕ್ಕ ಏನು?

ನಾನು ಓದಿದ್ದು ಬಿಕಾಂ, ಆದ್ರೆ ಇವತ್ತಿನ ಲೆಕ್ಕ ದುಡ್ಡಿನದ್ದಲ್ಲ, ಪಿಕ್ಸೆಲ್‌ದು. ನೀವು ಒಂದು ಅಗಲವಾದ ಫೋಟೊ ಅಪ್‌ಲೋಡ್ ಮಾಡ್ತೀರ, ಥಂಬ್‌ನೇಲ್ ಚೌಕವಾಗಿ ಬರುತ್ತೆ. ಯಾವ ಭಾಗ ಉಳೀಬೇಕು, ಯಾವುದು ಹೋಗಬೇಕು ಅಂತ ತೀರ್ಮಾನ ಮಾಡೋದು ಮುಖ ಹುಡುಕೋ ಒಂದು ಸಾಫ್ಟ್‌ವೇರ್.

ಕ್ಯಾಲನೂರಿನಲ್ಲಿ ರೇಷ್ಮೆ ಎಪಿಸೋಡ್‌ಗೆ ತೆಗೆದ ಒಂದು ಫೋಟೊ ಇಟ್ಕೊಂಡು ನೋಡೋಣ. ಎಡಗಡೆ ಅಜ್ಜಿಯೊಬ್ರು ತಲೆ ಮೇಲೆ ಸೆರಗು ಹೊದ್ದು, ಬಗ್ಗಿ, ಹಣ್ಣಾದ ಹುಳುಗಳನ್ನ ಚಂದ್ರಿಕೆಗೆ ಬಿಡ್ತಿದ್ದಾರೆ. ಅವರ ಹಿಂದೆ ಬಾಗಿಲಲ್ಲಿ ಸೊಸೆ ನಿಂತು ಕ್ಯಾಮೆರಾ ಕಡೆ ನಗ್ತಿದ್ದಾರೆ. ಬಲಗಡೆ ಗೋಡೆ ಮೇಲೆ ಸಿನಿಮಾ ಹೀರೋ ಇರೋ ಕ್ಯಾಲೆಂಡರ್. ಫೋಟೊ 4000 ಪಿಕ್ಸೆಲ್ ಅಗಲ, 3000 ಎತ್ತರ. ಚೌಕ ಬೇಕಂದ್ರೆ 3000 ಅಗಲ ಮಾತ್ರ ಉಳಿಯುತ್ತೆ. 1000 ಪಿಕ್ಸೆಲ್ ಹೋಗಲೇಬೇಕು, ಎಡದಿಂದಲೋ ಬಲದಿಂದಲೋ ಅನ್ನೋದಷ್ಟೇ ಪ್ರಶ್ನೆ.

ಥಂಬರ್ ಅಂತ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಬ್ರೆಜಿಲ್‌ನ ಗ್ಲೋಬೋ ಡಾಟ್ ಕಾಂ ಮಾಡಿದ್ದು. ಚಿತ್ರದ ವಿಳಾಸದಲ್ಲಿ `smart` ಅಂತ ಹಾಕಿದ್ರೆ ಅದೇ ನೋಡ್ಕೊಂಡು ಕತ್ತರಿಸುತ್ತೆ. ಅದರ ಕೋಡ್ ಎಲ್ಲರಿಗೂ ಸಿಗೋದ್ರಿಂದ ಅದರ ಲೆಕ್ಕವನ್ನೇ ತಗೊಳ್ತೀನಿ.

ಮೊದಲು ಮುಖ ಹುಡುಕೋದು. ಇದಕ್ಕೆ ಬಳಸೋದು ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ 2001ರಲ್ಲಿ ಕೊಟ್ಟ ವಿಧಾನ. ಅದಕ್ಕೆ ಅಜ್ಜಿ ಯಾರು, ಹೀರೋ ಯಾರು ಗೊತ್ತಿಲ್ಲ. ಒಂದು ಸಣ್ಣ ಚೌಕವನ್ನ ಚಿತ್ರದ ತುಂಬಾ ಸರಿಸ್ತಾ ಹೋಗಿ, ಬೆಳಕು ನೆರಳಿನ ಜೋಡಣೆ ನೋಡುತ್ತೆ: ಕಣ್ಣಿನ ಪಟ್ಟಿ ಕೆನ್ನೆಗಿಂತ ಕಪ್ಪಗಿದೆಯಾ, ಮೂಗಿನ ಮೇಲ್ಭಾಗ ಅಕ್ಕಪಕ್ಕದ ಕಣ್ಣಿಗಿಂತ ಬೆಳ್ಳಗಿದೆಯಾ? ಇಂಥ ಪರೀಕ್ಷೆಗಳೆಲ್ಲ ಪಾಸಾದ್ರೆ ಅದು ಮುಖ.

ಈಗ ನಮ್ಮ ಅಜ್ಜಿ. ಮುಖ ಕೆಳಗಿದೆ, ಸೆರಗಿನ ನೆರಳು ಹಣೆ ಮೇಲೆ ಬಿದ್ದಿದೆ. ನೇರ ನೋಡೋ ಮುಖಗಳಿಂದ ಕಲಿತ ಸಾಫ್ಟ್‌ವೇರ್‌ಗೆ ಅಲ್ಲಿ ಮುಖವೇ ಕಾಣಲ್ಲ. ಸೊಸೆ ನೇರವಾಗೇ ನೋಡ್ತಿದ್ದಾರೆ, ಆದ್ರೆ ದೂರದಲ್ಲಿದ್ದಾರೆ, ಮುಖ 100 ಪಿಕ್ಸೆಲ್ ಅಗಲ ಅಷ್ಟೇ. ಥಂಬರ್ ಚಿತ್ರದ ಚಿಕ್ಕ ಬದಿಯ ಹದಿನೈದನೇ ಒಂದು ಭಾಗಕ್ಕಿಂತ ಸಣ್ಣ ಮುಖವನ್ನ ಹುಡುಕೋದೇ ಇಲ್ಲ. ಇಲ್ಲಿ ಆ ಮಿತಿ 3000ದಲ್ಲಿ 200 ಪಿಕ್ಸೆಲ್. ಸೊಸೆಯೂ ಔಟ್. ಉಳಿದಿದ್ದು ಕ್ಯಾಲೆಂಡರ್. ನೇರ ನೋಟ, ಸ್ಟುಡಿಯೋ ಲೈಟು, 300 ಪಿಕ್ಸೆಲ್ ಅಗಲ. ಅಚ್ಚು ಹಾಕಿದ ಮುಖವೂ ಅದಕ್ಕೆ ಮುಖವೇ!

ಆಮೇಲೆ ಚೌಕ ಇಡೋದು. ಹೀರೋ ಮುಖದ ನಡು ಎಡ ಅಂಚಿಂದ 3500ರಲ್ಲಿದೆ. ಅದು ಮಧ್ಯಕ್ಕೆ ಬರಬೇಕಂದ್ರೆ ಚೌಕ 2000ದಿಂದ 5000ದವರೆಗೆ ಇರಬೇಕು. ಚಿತ್ರ 4000ಕ್ಕೇ ಮುಗಿಯುತ್ತಲ್ಲ, ಹಾಗಾಗಿ ಬಲ ಅಂಚಿಗೆ ಒತ್ತಿಕೊಂಡು 1000ದಿಂದ 4000 ಉಳಿಯುತ್ತೆ. ಅಜ್ಜಿ, ಅವರ ಕೈ, ಹಿಂದಿನ ಸೊಸೆ ಎಲ್ಲಾ ಇದ್ದಿದ್ದು ಮೊದಲ 1000 ಪಿಕ್ಸೆಲ್‌ನಲ್ಲೇ. ಪೂರ್ತಿ ಹೋಯ್ತು. ರೇಷ್ಮೆ ಎಪಿಸೋಡ್‌ಗೆ ಬೆಳೆಗಾರ್ತಿಯೇ ಇಲ್ಲ!

ಅಜ್ಜಿ ಒಂದ್ಸಲ ತಲೆ ಎತ್ತಿದ್ರೆ ಏನಾಗ್ತಿತ್ತು ನೋಡಿ. ಅವರ ಮುಖ 400 ಪಿಕ್ಸೆಲ್ ಅಗಲ, ನಡು 600ರಲ್ಲಿ. ಥಂಬರ್ ಪ್ರತಿ ಮುಖಕ್ಕೂ ಅದರ ವಿಸ್ತೀರ್ಣದಷ್ಟು ತೂಕ ಕೊಡುತ್ತೆ. ಅಜ್ಜಿಗೆ 1,60,000, ಹೀರೋಗೆ 90,000, ಅಂದ್ರೆ 16ಕ್ಕೆ 9. ತಕ್ಕಡಿ ಥರ ಇಬ್ಬರ ನಡುವಿನ ತೂಕದ ಬಿಂದು ಹುಡುಕಿದ್ರೆ 1644 ಬರುತ್ತೆ. ಚೌಕ 144ರಿಂದ 3144. ಅಜ್ಜಿ ಒಳಗೆ, ಹೀರೋ ಹೊರಗೆ. ಆದ್ರೆ ಈ ವಿಧಾನದಲ್ಲೂ ಒಂದು ಕಿರಿಕ್ ಇದೆ. ಎರಡೂ ತುದಿಯಲ್ಲಿ ಒಂದೇ ಅಳತೆಯ ಮುಖಗಳಿದ್ದು, ಚೌಕ ಇನ್ನೂ ಕಿರಿದಾದ್ರೆ, ತೂಕದ ಬಿಂದು ನಡುವಿನ ಖಾಲಿ ಗೋಡೆ ಮೇಲೆ ಬೀಳುತ್ತೆ, ಇಬ್ಬರೂ ಹೋಗ್ತಾರೆ.

ಹಾಗಾದ್ರೆ ಮುಖ ಬಿಟ್ಟು ಬೇರೆ ದಾರಿ? ಟ್ವಿಟರ್ ಅದನ್ನ ಮಾಡಿ ನೋಡಿತ್ತು. ಜನರ ಕಣ್ಣು ಮೊದಲು ಎಲ್ಲಿ ಹೋಗುತ್ತೆ ಅಂತ ಊಹಿಸೋ ಮಾದರಿಯನ್ನ 2018ರಲ್ಲಿ ತಂದ್ರು. 2020ರಲ್ಲಿ ಬಳಕೆದಾರರೇ ಉದ್ದದ ಚಿತ್ರದ ಎರಡು ತುದಿಯಲ್ಲಿ ಬಿಳಿಯರ ಮುಖ, ಕಪ್ಪುವರ್ಣೀಯರ ಮುಖ ಇಟ್ಟು ಪರೀಕ್ಷೆ ಮಾಡಿದ್ರು. ಬಿಳಿ ಮುಖವೇ ಉಳೀತಿದೆ ಅಂತ ಗಲಾಟೆ ಆಯ್ತು. 2021ರಲ್ಲಿ ಕಂಪನಿ ತಾನೇ ಅಳೆದು, ಬಿಳಿಯರ ಕಡೆಗೆ 4%, ಹೆಂಗಸರ ಕಡೆಗೆ 8% ವಾಲಿಕೆ ಇದೆ ಅಂತ ಪ್ರಕಟಿಸ್ತು. ಸಾಮಾನ್ಯ ಅಳತೆಯ ಫೋಟೊ ಮೊಬೈಲಲ್ಲಿ ಕತ್ತರಿಸದೇ ಪೂರ್ತಿ ತೋರಿಸೋಕೆ ಶುರು ಮಾಡಿದ್ರು. ನನ್ನ ಪ್ರಕಾರ ಸರಿಯಾದ ಕೆಲಸ.

ನಿಮ್ಮ ಥಂಬ್‌ನೇಲ್‌ನಲ್ಲಿ ಇದು ಆಗಿದೆಯಾ ಅಂತ ತಿಳಿಯೋದು ಸುಲಭ. ಮೂಲ ಫೋಟೊ ಪಕ್ಕ ಇಟ್ಟು ನೋಡಿ. ಚೌಕ ಒಂದು ಅಂಚಿಗೆ ಪೂರ್ತಿ ಒತ್ತಿಕೊಂಡಿದ್ರೆ, ಆ ಕಡೆ ಯಾವುದೋ ಮುಖ ಎಳೆದಿರಬಹುದು. ಪೋಸ್ಟರ್, ಫ್ಲೆಕ್ಸ್, ದೇವರ ಪಟ, ಟೀ ಶರ್ಟ್ ಮೇಲಿನ ಚಿತ್ರ ಇದೆಯಾ ಹುಡುಕಿ. ನಾನಂತೂ ಈಗ 3000 × 3000ಕ್ಕೆ ನಾನೇ ಕತ್ತರಿಸಿ ಹಾಕ್ತೀನಿ. ಚೌಕಕ್ಕೆ ಚೌಕ ಕೊಟ್ರೆ ಅದಕ್ಕೆ ಬಿಸಾಡೋಕೆ ಏನೂ ಸಿಗಲ್ಲ.