ಹೊಸ ತಂಡ ಒಪ್ಪಿದ ಮೇಲೂ ಉಳಿಯುವ ಪ್ರಶ್ನೆ

ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ‘ಐಜೆಪಿ’ ಎಂಬುದು ದಿನಬಳಕೆಯ ಮಾತು. ಖಾಲಿ ಹುದ್ದೆಯ ವಿವರವನ್ನು ಕಂಪನಿಯೊಳಗಿನ ಪೋರ್ಟಲ್‌ನಲ್ಲಿ ಪ್ರಕಟಿಸಿ, ಈಗಾಗಲೇ ಕೆಲಸದಲ್ಲಿರುವವರಿಂದಲೇ ಅರ್ಜಿ ಕರೆದು ಸಂದರ್ಶನ ನಡೆಸುವ ಪದ್ಧತಿಗೆ ಆ ಹೆಸರಿದೆ. ಹೊರಗಿನಿಂದ ಬಂದ ಅಭ್ಯರ್ಥಿ ಸಂದರ್ಶನದ ನಂತರ ಆಯ್ಕೆಯಾಯಿತೇ ಇಲ್ಲವೇ ಎಂದಷ್ಟೇ ಕಾಯುತ್ತಾನೆ. ಒಳಗಿನ ಅಭ್ಯರ್ಥಿಯಾದರೋ ಹೊಸ ತಂಡ ಒಪ್ಪುವುದಕ್ಕೂ ಹಳೆಯ ತಂಡ ಬಿಟ್ಟುಕೊಡುವುದಕ್ಕೂ ಕಾಯಬೇಕಾಗುತ್ತದೆ. ಸಂದರ್ಶನದ ನಂತರ ಬರೆಯುವ ಪತ್ರಗಳು ಬಹುಮಟ್ಟಿಗೆ ಮೊದಲನೆಯದನ್ನೇ ಹಿಡಿದುಕೊಂಡು ಎರಡನೆಯದನ್ನು ಮರೆಯುತ್ತವೆ, ವರ್ಗಾವಣೆಗಳು ತಡವಾಗುವುದು ಮಾತ್ರ ಹೆಚ್ಚಾಗಿ ಅಲ್ಲಿಯೇ.

ಇದಕ್ಕೆ ಕಾರಣ ಸೇವಾ ಕಂಪನಿಯ ಲೆಕ್ಕಾಚಾರದಲ್ಲಿದೆ. ಗ್ರಾಹಕ ಸಂಸ್ಥೆಗೆ ಪ್ರತಿ ಎಂಜಿನಿಯರ್‌ನ ಕೆಲಸದ ಸಮಯಕ್ಕೆ ಬಿಲ್ ಹಾಕುವ ಪ್ರಾಜೆಕ್ಟ್‌ನಿಂದ ಒಬ್ಬರು ಹೊರಟರೆ, ಬದಲಿ ವ್ಯಕ್ತಿ ಸಿಗುವವರೆಗೆ ಆ ಬಿಲ್ ನಿಲ್ಲುತ್ತದೆ. ಕೆಲವು ಒಪ್ಪಂದಗಳಲ್ಲಿ ಬದಲಿಯವರನ್ನು ಗ್ರಾಹಕರೂ ಒಪ್ಪಬೇಕಾಗುತ್ತದೆ. ಆದ್ದರಿಂದ ಹಾಲಿ ಮ್ಯಾನೇಜರ್ ‘ರಿಲೀಸ್’ ಕೊಡಲು, ಅಂದರೆ ತಂಡದಿಂದ ಬಿಡುಗಡೆ ಮಾಡಲು, ಹಿಂದೇಟು ಹಾಕಿದರೆ ಅದನ್ನು ಹಗೆತನವೆಂದು ಓದುವುದು ಬಹುಪಾಲು ತಪ್ಪು.

ಒಂದು ಬ್ಯಾಂಕಿನ ಪ್ರಾಜೆಕ್ಟ್‌ನಲ್ಲಿ 4 ವರ್ಷ ಟೆಸ್ಟಿಂಗ್ ಮಾಡಿದ ಎಂಜಿನಿಯರ್ ಒಬ್ಬಳು ಡೇಟಾ ತಂಡಕ್ಕೆ ಹೋಗಲು ಮಂಗಳವಾರ ಸಂದರ್ಶನ ಕೊಟ್ಟಳೆಂದು ಭಾವಿಸೋಣ. ರಾತ್ರಿ ದತ್ತಾಂಶ ತುಂಬುವಾಗ ಒಂದೇ ವಹಿವಾಟು ಎರಡು ಸಲ ಸೇರಿದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ, ಸೇರಿದ್ದನ್ನು ಹುಡುಕಿ ಅಳಿಸುವುದಾಗಿ ಆಕೆ ಹೇಳಿದ್ದಾಳೆ. ಅದು ಅರ್ಧ ಉತ್ತರ. ಬುಧವಾರ ಮಧ್ಯಾಹ್ನದೊಳಗೆ ಹೋಗಬೇಕಾದ ಮೊದಲ ಮೇಲ್‌ನಲ್ಲಿ ಇದಕ್ಕೆ ಜಾಗ ಕೊಡಬೇಕು. ಅದರ ಒಕ್ಕಣೆ ಹೀಗಿರಬಹುದು:

‘ನಿನ್ನೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದಗಳು. ವಹಿವಾಟು ಎರಡು ಸಲ ಸೇರುವ ಪ್ರಶ್ನೆಗೆ ನನ್ನ ಉತ್ತರ ಅಪೂರ್ಣವಾಗಿತ್ತು. ದಾಖಲೆ ಸೇರಿಸುವ ಮೊದಲೇ ವಹಿವಾಟಿನ ಗುರುತಿನ ಸಂಖ್ಯೆಯನ್ನು ಈಗಾಗಲೇ ಇರುವವುಗಳೊಂದಿಗೆ ಹೋಲಿಸಿ, ಸಿಕ್ಕರೆ ಬಿಟ್ಟುಬಿಟ್ಟರೆ, ಕೆಲಸ ನಡುವೆ ನಿಂತು ಮತ್ತೆ ಶುರುವಾದರೂ ಎರಡನೇ ದಾಖಲೆ ಹುಟ್ಟುವುದಿಲ್ಲ. ಆಯ್ಕೆಯಾದರೆ, ಈಗಿನ ತಂಡದ ರಿಗ್ರೆಷನ್ ಸ್ಕ್ರಿಪ್ಟ್‌ಗಳನ್ನು ಸಹೋದ್ಯೋಗಿಗೆ ಒಪ್ಪಿಸಿಕೊಡಲು 6 ವಾರ ಬೇಕಾದೀತು. ಈ ವಿಷಯ ನನ್ನ ಮ್ಯಾನೇಜರ್‌ಗೆ ತಿಳಿದಿದೆ.’

ಹೊಸ ಬದಲಾವಣೆಯಿಂದ ಹಳೆಯ ಕೆಲಸ ಕೆಟ್ಟಿಲ್ಲವೆಂದು ಪ್ರತಿ ಸಲ ಖಚಿತಪಡಿಸುವ ಪರೀಕ್ಷೆಗೆ ರಿಗ್ರೆಷನ್ ಎನ್ನುತ್ತಾರೆ. ಈ ಪತ್ರದಲ್ಲಿ ತೂಕವಿರುವುದು ಕೊನೆಯ ಎರಡು ವಾಕ್ಯಗಳಿಗೆ. ಹೊಸ ಮ್ಯಾನೇಜರ್ ತನ್ನ ವೇಳಾಪಟ್ಟಿಯನ್ನು ಅವುಗಳ ಮೇಲೆ ಕಟ್ಟಬಹುದು, ಹಳೆಯ ಮ್ಯಾನೇಜರ್‌ಗೆ ತನ್ನ ಬೆನ್ನ ಹಿಂದೆ ಏನೋ ನಡೆದಿದೆ ಎಂಬ ಅನುಮಾನ ಬರುವುದಿಲ್ಲ. ಆದರೆ ಆ ವಾಕ್ಯಗಳು ನಿಜವಾಗಿರಬೇಕು. ಮೇಲ್ ಕಳಿಸುವ ಮೊದಲೇ ಆಕೆ ಮ್ಯಾನೇಜರ್ ಜೊತೆ ಕೂತು, ಯಾವ ಸ್ಕ್ರಿಪ್ಟ್ ಯಾರಿಗೆ ಎಂಬ ಪಟ್ಟಿಯನ್ನು ಮಾಡಿರಬೇಕು.

ಎರಡನೆಯ ಮೇಲ್‌ಗೆ ಅವಸರ ಬೇಡ. ಸಂದರ್ಶನದಲ್ಲಿ ಒಂದು ದಿನಾಂಕ ಹೇಳಿದ್ದರೆ ಅದು ದಾಟಿ 2 ಕೆಲಸದ ದಿನಗಳಾದ ಮೇಲೆ, ಹೇಳದಿದ್ದರೆ ಸುಮಾರು 10 ಕೆಲಸದ ದಿನಗಳಾದ ಮೇಲೆ, ಮಾನವ ಸಂಪನ್ಮೂಲ ವಿಭಾಗದ ಸಂಪರ್ಕಾಧಿಕಾರಿಗೆ ಹುದ್ದೆಯ ಸಂಖ್ಯೆ ನಮೂದಿಸಿ ಒಂದು ಮೇಲ್ ಬರೆಯುವುದು ಸಾಕು. ಒಳಗಿನವರು ಜಾರುವುದು ಇಲ್ಲಿ. ಹೊಸ ಮ್ಯಾನೇಜರ್ ಕ್ಯಾಂಟೀನ್‌ನಲ್ಲಿ ಎದುರಾಗುತ್ತಾರೆ, ಚಾಟ್‌ನಲ್ಲಿ ಹಸಿರು ಚುಕ್ಕೆ ಹೊತ್ತು ಕೂತಿರುತ್ತಾರೆ, ‘ಏನಾಯ್ತು ಸರ್?’ ಎಂದು ಕೇಳಲು ಕೈ ತಾನಾಗಿ ಚಾಚುತ್ತದೆ. ಉಳಿದ ಅಭ್ಯರ್ಥಿಗಳ ಬಗ್ಗೆ ನಿರ್ಧಾರವಾಗದೆ ಅವರು ಉತ್ತರ ಕೊಡುವಂತಿಲ್ಲವಾದ್ದರಿಂದ, ಆ ಪ್ರಶ್ನೆ ಇಬ್ಬರಿಗೂ ಮುಜುಗರವನ್ನಷ್ಟೇ ತರುತ್ತದೆ.

ಮೌನವೆಂದರೆ ನಿರಾಕರಣೆಯೇ ಎಂದಲ್ಲ. ಪೋರ್ಟಲ್‌ನಲ್ಲಿ ಹುದ್ದೆ ‘ಹೋಲ್ಡ್’ ಎಂದು ಕಂಡರೆ ತಡೆಗೆ ಕಾರಣ ಬಜೆಟ್ ಆಗಿರುವ ಸಂಭವ ಹೆಚ್ಚು. ಮಾರ್ಚ್ ಕೊನೆಗೆ ಆರ್ಥಿಕ ವರ್ಷ ಮುಗಿಸುವ ಕಂಪನಿಗಳಲ್ಲಿ ಆ ಹೊತ್ತಿಗೆ ಇದು ಅಪರೂಪವಲ್ಲ. ಅದೇ ಹುದ್ದೆ ಹೊಸ ಸಂಖ್ಯೆಯೊಂದಿಗೆ ಮತ್ತೆ ಪ್ರಕಟವಾಗಿದ್ದರೆ ತಂಡ ಬೇರೆಯವರನ್ನು ಹುಡುಕುತ್ತಿರಬಹುದು. ಆಗ ನೇರವಾಗಿ ಕೇಳಿ ತಿಳಿದುಕೊಳ್ಳುವುದು ಮೇಲು, ಮತ್ತು ನಿರಾಕರಣೆಯೆಂದು ತಿಳಿದಾಗ ‘ಯಾಕೆ ಬೇಡವೆಂದಿರಿ’ ಎನ್ನುವುದಕ್ಕಿಂತ ‘ಯಾವ ಕೆಲಸ ಮಾಡಿ ತೋರಿಸಿದ್ದರೆ ನಿರ್ಧಾರ ಬದಲಾಗುತ್ತಿತ್ತು’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಆಯ್ಕೆಯಾದರೂ ಹೊಸ ಮ್ಯಾನೇಜರ್‌ನ ಬಾಯಿಮಾತಿನ ‘ಆಯ್ತು’ ವರ್ಗಾವಣೆಯಲ್ಲ. ಹಂತ ಮತ್ತು ಸಂಬಳ ಬದಲಾಗುತ್ತವೆಯೇ, ಯಾವ ದಿನದಿಂದ, ಈ ವರ್ಷದ ಅಪ್ರೈಸಲ್ ಅನ್ನು, ಅಂದರೆ ವಾರ್ಷಿಕ ಮೌಲ್ಯಮಾಪನವನ್ನು, ಯಾವ ಮ್ಯಾನೇಜರ್ ಬರೆಯುತ್ತಾರೆ ಎಂಬುದನ್ನು ಮೇಲ್‌ನಲ್ಲೇ ಕೇಳಿಟ್ಟುಕೊಳ್ಳಬೇಕು. ಪೋರ್ಟಲ್‌ನಲ್ಲಿ ಬಿಡುಗಡೆಯ ದಿನಾಂಕ ದಾಖಲಾಗುವವರೆಗೆ ಆಕೆ ಹಳೆಯ ತಂಡದವಳೇ.