ಗ್ರಾಫ್ ಸೊನ್ನೆಯನ್ನು ದಾಟುವಲ್ಲಿ

ಜೀವಕೋಶದ ಪತ್ರಿಕೆಯಲ್ಲಿ ಆಲೂಗಡ್ಡೆಯ ಪ್ರಶ್ನೆ ಹಳೆಯ ನೆಂಟ. ಬೇರೆ ಬೇರೆ ಸಾಂದ್ರತೆಯ ಸಕ್ಕರೆ ದ್ರಾವಣಗಳಲ್ಲಿ ತುಂಡುಗಳನ್ನು ನೆನೆಸಿಟ್ಟು, ಮೊದಲಿನ ಮತ್ತು ಆಮೇಲಿನ ತೂಕದ ಕೋಷ್ಟಕ ಕೊಟ್ಟಿರುತ್ತಾರೆ. ಉತ್ತರ ಬರೆಯುವ ಮೊದಲು ಅಕ್ಷಗಳನ್ನೂ ಏಕಮಾನಗಳನ್ನೂ ಓದಿ. ಲಂಬ ಅಕ್ಷದಲ್ಲಿರುವುದು ತೂಕವೋ, ತೂಕದ ಶೇಕಡಾ ಬದಲಾವಣೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಶುದ್ಧ ನೀರಿನಲ್ಲಿ 2.50 ಗ್ರಾಂ ತುಂಡು 2.80 ಗ್ರಾಂ ಆಯಿತೆನ್ನಿ. ಹೆಚ್ಚಿದ್ದು 0.30, ಅದನ್ನು ಮೊದಲಿನ ತೂಕದಿಂದ ಭಾಗಿಸಿದರೆ ಶೇಕಡಾ 12. ಅನೇಕರು ಕೊನೆಯ ತೂಕದಿಂದ ಭಾಗಿಸಿ ಅಂಕ ಕಳೆದುಕೊಳ್ಳುತ್ತಾರೆ. ತುಂಡುಗಳು ಒಂದೇ ತೂಕದವಲ್ಲ, ಅದಕ್ಕೇ ಶೇಕಡಾ ಲೆಕ್ಕ.

‘ವರ್ಣಿಸಿ’ ಎಂದರೆ ಅಂಕಿಗಳ ಸಮೇತ ಪ್ರವೃತ್ತಿ ಮಾತ್ರ: ಸಾಂದ್ರತೆ ಏರಿದಂತೆ ಬದಲಾವಣೆ +12ರಿಂದ ಇಳಿಯುತ್ತ 0.3 ಮೋಲಾರ್ ಬಳಿ ಸೊನ್ನೆ ದಾಟಿ ಋಣವಾಗುತ್ತದೆ. ‘ಕಾರಣ ಕೊಡಿ’ ಎಂದಾಗ ಮಾತ್ರ ಅಭಿಸರಣೆ ಬರಲಿ.

ಆ ಸೊನ್ನೆಯ ಬಿಂದುವೇ ಪ್ರಶ್ನೆಯ ತಿರುಳು. ಅಲ್ಲಿ ನೀರಿನ ಓಡಾಟ ನಿಲ್ಲುವುದಿಲ್ಲ, ಒಳಹೋಗುವಷ್ಟೇ ಹೊರಬರುತ್ತದೆ. ‘ಕೋಶದೊಳಗೂ 0.3 ಮೋಲಾರ್ ಸಕ್ಕರೆ ಇದೆ’ ಎಂದು ಬರೆದರೆ ತಪ್ಪು. ಸಮನಾಗಿರುವುದು ಜಲವಿಭವ, ಒಳಗೆ ಲವಣ ಮೊದಲಾದ ಬೇರೆ ದ್ರಾವ್ಯಗಳೂ ಇವೆ. ಬಿಂದುಗಳ ನಡುವೆ ಗೆರೆ ಎಳೆದು ಓದಿದ ಬೆಲೆಯಾದ್ದರಿಂದ ‘ಸುಮಾರು’ ಎಂದೇ ಬರೆಯಿರಿ.